ಗಾಜು ತೋರಿಸಿದ ನೀರು

ಹುಣಸೂರಿನ ಹೊಳೆ ಕಡೆಗಿದ್ದ ಕಾಫಿ ಕಾರ್ಖಾನೆಯಲ್ಲಿ ಬೆಳಗಿನ ಗಂಟೆ ಬಾರಿಸಿದ ಮೇಲೆ ಯಾರೂ ನೇರವಾಗಿ ಕೆಲಸಕ್ಕೆ ಹೋಗುತ್ತಿರಲಿಲ್ಲ. ಮೊದಲು ಬಾಯ್ಲರ್ ಮನೆಯ ಮುಂದಿನ ಹೊಂಗೆ ಮರದ ಕೆಳಗೆ ನಿಲ್ಲಬೇಕು. ಇಂಜಿನ್ ಮೇಸ್ತ್ರಿ ಮುಖ್ತಾರ್ ಸಾಬ್ ಅಲ್ಲಿ ಅವತ್ತಿನ ಕೆಲಸ ಹೇಳುತ್ತಿದ್ದ. ಹೆಚ್ಚು ಹೊತ್ತಿನ ಮಾತಲ್ಲ. ಒಂದು ಬೀಡಿ ಸೇದಿ ಮುಗಿಸುವಷ್ಟರಲ್ಲಿ ಎಲ್ಲರೂ ಅವರವರ ಜಾಗಕ್ಕೆ ಹೋಗಿರುತ್ತಿದ್ದರು. ಇಂಜಿನ್ ಸದ್ದಿನ ಪಕ್ಕದಲ್ಲೇ ವಯಸ್ಸು ಕಳೆದವನಾದ್ದರಿಂದ ಅವನ ಕಿವಿ ಮಂದ, ಗಂಟಲು ದೊಡ್ಡದು.

"ಇವತ್ತು ಮೊದ್ಲು ಸಿದ್ದಾಪುರದ ಬೀಜ. ಕಣದಾಗೆ ಚೆನ್ನಾಗಿ ಒಣಗೈತೆ, ಹಲ್ಲಲ್ಲಿ ಕಚ್ಚಿ ನೋಡಿದ್ದೀನಿ. ಅದು ಸುಲಿದು ಮುಗಿಯೋವರ್ಗೂ ಬೇರೆ ಮೂಟೆ ಬಿಚ್ಚಬೇಡಿ. ನೆನ್ನೆ ಬಂದ ವಿರಾಜಪೇಟೆ ಬೀಜ ಇನ್ನೂ ಹಸಿ, ಅದು ಕಣಕ್ಕೆ ಹೋಗ್ಲಿ. ಇನ್ನು ಬಾಯ್ಲರ್ ಮಾತು. ಗಾಜು ನಂಬಬೇಡಿ. ಗಾಜಿನಾಗೆ ಅರ್ಧ ನೀರು ಕಾಣ್ತದೆ, ಒಳಗೆ ಅಷ್ಟಿರಲ್ಲ. ಮೂರು ನಲ್ಲಿ ತಿರುವಿ ನೋಡೇ ನೀರು ಬುಡ್ಬೇಕು. ಕೆಳಗಿನ ನಲ್ಲೀಲೂ ಬರೀ ಹಬೆ ಬಂತೋ, ನೀರು ಬುಡಬೇಡಿ. ಗಂಟೆ ಹೊಡೀರಿ, ಬೆಂಕಿ ಮೇಲೆ ಬೂದಿ ಎಳೀರಿ. ಗಂಟೆ ಕೇಳಿದ್ರೆ ಹೆಂಗಸ್ರೆಲ್ಲ ಹೊಳೆ ಕಡೆ ಹೋಗಿ."

ಸುಗ್ಗಿ ಶುರುವಾದಾಗಿನಿಂದ ದಿನವೂ ಇದೇ ಮಾತು. ಬಾಯ್ಲರಿನ ಮುಖದ ಮೇಲೆ, ಒಂದರ ಕೆಳಗೊಂದು ಇರುವ ಮೂರು ನಲ್ಲಿಗಳ ಪಕ್ಕದಲ್ಲಿ, ಒಳಗಿನ ನೀರಿನ ಮಟ್ಟ ತೋರಿಸಲೆಂದು ಒಂದು ಗಾಜಿನ ಕೊಳವೆ ನಿಲ್ಲಿಸಿರುತ್ತಾರೆ. ಅದರ ಮೇಲಿನ ತುದಿಗೆ ಹಬೆ ಬರುತ್ತದೆ, ಕೆಳಗಿನ ತುದಿಗೆ ನೀರು. ಆ ಕೆಳಗಿನ ಹಿತ್ತಾಳೆ ಬಾಯಿಯೊಳಗೆ ಹೊಳೆನೀರಿನ ಸುಣ್ಣ ಕಟ್ಟಿಕೊಂಡು ದಾರಿ ಮುಚ್ಚಿತ್ತು. ಬಾಯ್ಲರಿನಲ್ಲಿ ನೀರು ಇಳಿದರೂ ಗಾಜಿನೊಳಗಿನ ನೀರು ಇಳಿಯದೆ ನಿಂತೇ ಇರುತ್ತಿತ್ತು. ತಂತಿ ಹಾಕಿ ಚುಚ್ಚಿದರೆ ಒಂದೆರಡು ದಿನ ಸರಿ, ಮತ್ತೆ ಅದೇ ಪಾಡು. ಬಾಯ್ಲರ್ ಆರಿಸಿ, ಆ ಹಿತ್ತಾಳೆ ತುಂಡನ್ನೇ ಬಿಚ್ಚಿ, ಮೈಸೂರಿಗೆ ಕಳಿಸಿ ಹೊಸದು ಮಾಡಿಸಬೇಕು. ಕೊಡಗಿನಿಂದ ಗಾಡಿ ಮೇಲೆ ಗಾಡಿ ಬಂದು ನಿಂತಿರುವಾಗ ಬಾಯ್ಲರ್ ಆರಿಸುವ ಮಾತನ್ನು ಸಾಹುಕಾರರು ಕೇಳಲು ಒಪ್ಪಲಿಲ್ಲ. ಸುಗ್ಗಿ ಮುಗಿಯಲಿ ಎಂದರು. ನಲ್ಲಿ ತಿರುವಿ ನೋಡಿಕೊಂಡರೆ ನಡೆಯುತ್ತದೆ ಎಂದು ಮುಖ್ತಾರನೂ ಸುಮ್ಮನಾದ.

ಹೀಗಿರುವಾಗ ಒಂದು ದಿನ ಕಾರ್ಖಾನೆಯ ರೈಟರ್ ಸುಬ್ಬರಾಯರು ಅವನನ್ನು ಮೂಟೆಗಳ ಹಿಂದೆ ಕರೆದರು. ಲೆಕ್ಕ, ಪತ್ರ, ಸಾಹುಕಾರರ ಮಾತು ಎಲ್ಲ ನಡೆಯುತ್ತಿದ್ದದ್ದು ಅವರ ಮೂಲಕ. ಮೆಲ್ಲಗೆ ಮಾತಾಡಿದರು, ಮಾತಾಡುವಾಗ ಎರಡು ಸಲ ಹಿಂದಕ್ಕೆ ತಿರುಗಿ ನೋಡಿದರು.

"ಪಿರಿಯಾಪಟ್ಟಣದ ಹೋಟಲಿನಲ್ಲಿ ನಮ್ಮ ಬಾಯ್ಲರಿನ ಮಾತು ನಡೀತಿದೆಯಂತೆ ಮೇಸ್ತ್ರಿ. ಗಾಜು ಕೆಟ್ಟಿದೆ, ಇವತ್ತೋ ನಾಳೆಯೋ ಸಿಡಿಯುತ್ತೆ ಅಂತ. ಇಬ್ಬರು ತೋಟದವರು ಬೀಜ ಬೇರೆ ಕಡೆಗೆ ಕಳಿಸಿದ್ದಾರೆ. ಗಾಜು, ನಲ್ಲಿ ಅನ್ನೋ ಮಾತು ಹೊರಗಿನವರಿಗೆ ಹೇಗೆ ಗೊತ್ತಾಗುತ್ತೆ? ನಿಮ್ಮ ಜನದಲ್ಲೇ ಯಾರೋ ಹೇಳ್ತಿದ್ದಾರೆ. ಯಾರು ಅಂತ ನೀವೇ ಕಂಡುಹಿಡೀಬೇಕು."

ಮುಖ್ತಾರನಿಗೆ ಆ ಕ್ಷಣವೇ ಒಂದು ಮುಖ ಕಣ್ಣ ಮುಂದೆ ಬಂತು. ಚೆಲುವಯ್ಯ. ಬಾಯ್ಲರಿಗೆ ಬೆಂಕಿ ಹಾಕಲು ಈ ಸುಗ್ಗಿಯಲ್ಲೇ ಸೇರಿಕೊಂಡವನು. ಮೊದಲು ಕೃಷ್ಣರಾಜನಗರದ ಒಂದು ಅಕ್ಕಿ ಮಿಲ್ಲಿನಲ್ಲಿದ್ದ. ಆ ಮಿಲ್ಲಿನ ಯಜಮಾನ ಪಿರಿಯಾಪಟ್ಟಣದಲ್ಲಿ ಕಾಫಿ ಸುಲಿಯುವ ಯಂತ್ರ ಇಡುತ್ತಾನಂತೆ ಎಂಬ ಸುದ್ದಿ ಇತ್ತು. ಅಲ್ಲದೆ ಚೆಲುವಯ್ಯ ಊಟದ ಹೊತ್ತಿನಲ್ಲಿ ಬೇರೆಯವರ ಜೊತೆ ಕೂರುತ್ತಿರಲಿಲ್ಲ. ಬುತ್ತಿ ತೆಗೆದುಕೊಂಡು ಗೇಟಿನ ಆಚೆ ಹೋಗಿ ಗಾಡಿಯವರ ಜೊತೆ ಕೂತು ಏನೋ ಕೇಳುತ್ತಿದ್ದ, ಏನೋ ಹೇಳುತ್ತಿದ್ದ.

ಅಂದಿನಿಂದ ಮುಖ್ತಾರನ ಕಣ್ಣು ಅವನ ಬೆನ್ನ ಮೇಲೇ ಇತ್ತು. ಚೆಲುವಯ್ಯ ಸೌದೆ ತರಲು ಹೋದರೆ ಯಾಕೆ ಇಷ್ಟು ಹೊತ್ತು ಅನಿಸುತ್ತಿತ್ತು. ಬೇಗ ಬಂದರೆ ಯಾಕೆ ಓಡಿ ಬಂದ ಅನಿಸುತ್ತಿತ್ತು. ಒಮ್ಮೆ ಗಾಡಿಯವನೊಬ್ಬನ ಕೈಗೆ ಅವನು ಒಂದು ಸಣ್ಣ ಗಂಟು ಕೊಟ್ಟದ್ದನ್ನು ದೂರದಿಂದ ಕಂಡ. ಕೇಳಬಹುದಿತ್ತು, ಕೇಳಲಿಲ್ಲ. ಕೇಳಿದರೆ ಕಳ್ಳ ಎಚ್ಚರಗೊಳ್ಳುತ್ತಾನೆ ಎಂದುಕೊಂಡ.

ಬರಬರುತ್ತಾ ಅನುಮಾನ ಒಬ್ಬನಲ್ಲೇ ನಿಲ್ಲಲಿಲ್ಲ. ಬೀಜ ಆರಿಸುವ ಹೆಂಗಸರ ಮೇಲೆ ಚಿಕ್ಕಸಿದ್ದಮ್ಮ ಎಂಬವಳು ಮೇಟಿಯಾಗಿದ್ದಳು. ಗಟ್ಟಿ ಹೆಂಗಸು, ಕಂಡದ್ದನ್ನು ಕಂಡ ಹಾಗೆ ಆಡುವವಳು. ಅವಳ ಅಣ್ಣನ ಮನೆ ಪಿರಿಯಾಪಟ್ಟಣದ ದಾರಿಯಲ್ಲಿ ಎಂಬುದು ಮುಖ್ತಾರನಿಗೆ ಈಗ ನೆನಪಾಗತೊಡಗಿತು. ಹತ್ತು ವರ್ಷ ತನ್ನ ಜೊತೆ ಬೆಂಕಿ ಹಾಕಿದ ಲಿಂಗಯ್ಯನನ್ನು ಮಾತ್ರ ಅವನು ಬಿಟ್ಟ. ಯಾರನ್ನಾದರೂ ನಂಬದೆ ಇದ್ದರೆ ಬಾಯ್ಲರ್ ನಡೆಯುವಂತಿರಲಿಲ್ಲ.

ಆ ಭಾನುವಾರ ರಜೆ. ಮನೆಯಲ್ಲಿ ಕೂತು ಮುಖ್ತಾರ್ ಒಂದು ಉಪಾಯ ಮಾಡಿದ. ನಾಳೆ ಬೆಳಿಗ್ಗೆ ಗಾಜು ಸರಿಹೋಯಿತು ಎಂದು ಎಲ್ಲರ ಮುಂದೆ ಹೇಳಿಬಿಡುವುದು. ಆ ಸುದ್ದಿ ಪಿರಿಯಾಪಟ್ಟಣದ ಹೋಟಲಿಗೆ ಎಷ್ಟು ಬೇಗ ಮುಟ್ಟುತ್ತದೆ, ಯಾರ ಮೂಲಕ ಮುಟ್ಟುತ್ತದೆ ಎಂದು ನೋಡುವುದು. ಚೆಲುವಯ್ಯ ಯಾವ ಗಾಡಿಯವನ ಜೊತೆ ಕೂರುತ್ತಾನೋ ಅವನ ಬಾಯಲ್ಲಿ ಆ ಮಾತು ಬಂದರೆ ಸಾಕು. ಲಿಂಗಯ್ಯನಿಗೆ ಮಾತ್ರ ಗುಟ್ಟಾಗಿ ಹೇಳಿ ನಲ್ಲಿ ನೋಡಿಸುವುದು.

ಹೆಂಡತಿ ಮುನ್ನೀಬಿ ಇದನ್ನು ಕೇಳಿ ರೊಟ್ಟಿ ತಟ್ಟುವುದನ್ನು ನಿಲ್ಲಿಸಿದಳು.

"ಬೆಂಕಿ ಮುಂದೆ ನಿಲ್ಲೋನಿಗೆ ಸುಳ್ಳು ಹೇಳ್ತೀರಾ?"

"ಎರಡು ದಿನದ ಮಾತು. ಲಿಂಗಯ್ಯ ಇರ್ತಾನಲ್ಲ."

"ನಂಗೇನೋ ಸರಿ ಕಾಣಲ್ಲ," ಎಂದಳು. ಮತ್ತೆ ರೊಟ್ಟಿ ತಟ್ಟತೊಡಗಿದಳು. ಅವಳೂ ಯಾರಿಗಾದರೂ ಹೇಳಿಬಿಟ್ಟರೆ ಎಂಬ ಯೋಚನೆ ಮುಖ್ತಾರನಿಗೆ ಬಂದು, ತನಗೇ ನಾಚಿಕೆಯಾಯಿತು.

ಸೋಮವಾರ ಬೆಳಿಗ್ಗೆ ಹೊಂಗೆ ಮರದ ಕೆಳಗೆ ಎಲ್ಲರೂ ಸೇರಿದರು. ಮುಖ್ತಾರ್ ಮೊದಲು ಕೆಲಸ ಹೇಳಿದ. ವಿರಾಜಪೇಟೆ ಬೀಜ ಒಣಗಿದೆ, ಅದೇ ಇವತ್ತಿನ ಮುಖ್ಯ ಕೆಲಸ, ಸಂಜೆ ಮೈಸೂರಿಗೆ ಲಾರಿ ಹೊರಡುವ ಮೊದಲು ಅದು ಸುಲಿದು, ಜರಡಿಯಾಗಿ, ಆರಿಸಿ, ಮೂಟೆ ಕಟ್ಟಿರಬೇಕು. ಆಮೇಲೆ ಗಂಟಲು ಸರಿಮಾಡಿಕೊಂಡ.

"ಬಾಯ್ಲರ್ ಗಾಜು ಸರಿಹೋಯ್ತು. ಮೈಸೂರಿಂದ ಆಳು ಬಂದು ನೆನ್ನೆ ಹೊಸ ಬಾಯಿ ಕೂರಿಸಿ ಹೋದ. ಇನ್ನು ಗಾಜು ನೋಡ್ಕಂಡೇ ನೀರು ಬುಡಬೌದು. ನಡೀರಿ."

ಎಲ್ಲರೂ ಹೊರಟರು. ಚಿಕ್ಕಸಿದ್ದಮ್ಮ ಮಾತ್ರ ಹೋಗುತ್ತಾ ನಿಂತಳು.

"ಅಂಗಾರೆ ಗಂಟೆ ಒಡೆದ್ರೆ ನಾವು ಒಳೆ ಕಡೀಕೆ ಓಗೋದು ಬ್ಯಾಡ್ವಾ, ಸಾಬ್ರೆ?"

"ಗಂಟೆ ಹೊಡೆಯೋ ಪ್ರಮೇಯ ಬರಲ್ಲ ಬುಡು."

ಅವಳು ಅವನ ಮುಖ ನೋಡಿದಳು. ಅವನು ಚೆಲುವಯ್ಯನ ಕಡೆ ನೋಡುತ್ತಿದ್ದ.

ಚೆಲುವಯ್ಯ ದಡ್ಡನಲ್ಲ. ಮೇಸ್ತ್ರಿ ತನ್ನನ್ನು ಹಿಂದೆಯಿಂದ ನೋಡುತ್ತಿರುವುದು ಅವನಿಗೆ ಆಗಲೇ ತಿಳಿದಿತ್ತು, ಯಾಕೆಂದು ಮಾತ್ರ ತಿಳಿದಿರಲಿಲ್ಲ. ಅಕ್ಕಿ ಮಿಲ್ಲಿನಲ್ಲಿ ಒಮ್ಮೆ ಬೇರೆಯವರ ತಪ್ಪಿಗೆ ಅವನ ಕೆಲಸ ಹೋಗಿತ್ತು. ಇಲ್ಲೂ ಹಾಗೇ ಏನೋ ಕಟ್ಟುತ್ತಿದ್ದಾರೆ ಎಂದು ಅವನಿಗೆ ಅನಿಸಿತು. ಭಾನುವಾರ ಅವನು ಕಾರ್ಖಾನೆಯ ಪಕ್ಕದ ಕೊಟ್ಟಿಗೆಯಲ್ಲೇ ಇದ್ದ. ಬಾಯ್ಲರ್ ಮನೆಯ ಬೀಗ ತೆಗೆದ ಸದ್ದು ಕೇಳಿರಲಿಲ್ಲ. ಆದರೆ ಮಧ್ಯಾಹ್ನ ಬಟ್ಟೆ ಒಗೆಯಲು ಹೊಳೆಗೆ ಹೋಗಿದ್ದ, ಆಗ ಬಂದು ಹೋಗಿರಬಹುದು.

ಬೆಳಗಿನ ಕೆಲಸದಲ್ಲಿ ಲಿಂಗಯ್ಯ ಅವನನ್ನು ಮತ್ತೆ ಮತ್ತೆ ಸೌದೆಗೆ ಕಳಿಸಿದ. ಒಂದು ಸಲ ಬೇಗ ತಿರುಗಿ ಬಂದಾಗ ಲಿಂಗಯ್ಯ ನಲ್ಲಿಯಿಂದ ಕೈ ತೆಗೆಯುತ್ತಿದ್ದ. ನೆಲದ ಮೇಲೆ ಬಿಸಿನೀರು ಚೆಲ್ಲಿ ಆವಿಯಾಡುತ್ತಿತ್ತು.

"ಗಾಜು ಸರಿಹೋಗೈತೆ ಅಂದ್ರಲ್ಲಣ್ಣ, ನಲ್ಲಿ ಯಾಕೆ?" ಎಂದು ಕೇಳಿದ.

"ಅಭ್ಯಾಸ ಕಣ್ಲಾ," ಎಂದ ಲಿಂಗಯ್ಯ, ಮುಖ ತಿರುಗಿಸಿಕೊಂಡು.

ಊಟದ ಹೊತ್ತು ಮುಗಿದ ಮೇಲೆ ಹೊಳೆದಂಡೆಯ ಪಂಪು ನಿಂತಿತು. ಬಾಯ್ಲರಿಗೆ ಹೋಗುವ ತೊಟ್ಟಿಗೆ ನೀರು ಬರುತ್ತಿದ್ದದ್ದು ಆ ಪಂಪಿನಿಂದ. ಸುಬ್ಬರಾಯರು ಬಾಗಿಲಲ್ಲಿ ನಿಂತು ಲಿಂಗಯ್ಯನನ್ನು ಕರೆದರು. ಲಿಂಗಯ್ಯ ಹಿಂದೆಮುಂದೆ ನೋಡಿದ. ಗಾಜಿನ ಮಾತು ಬೇರೆ ಯಾರಿಗೂ ಹೇಳಕೂಡದು ಎಂದು ಮೇಸ್ತ್ರಿ ಕಟ್ಟುನಿಟ್ಟಾಗಿ ಹೇಳಿದ್ದ. ರೈಟರ ಮುಂದೆ, ಚೆಲುವಯ್ಯನ ಮುಂದೆ ಏನು ಹೇಳುವುದು? "ಈಗ ಬಂದೆ ಕಣೋ, ನೋಡ್ಕತಾ ಇರು," ಎಂದಷ್ಟೇ ಹೇಳಿ ಹೊಳೆಗೆ ಇಳಿದ. ಪಂಪಿನ ಕೊಳವೆಯ ಬಾಯಿಗೆ ಜೊಂಡು ಸಿಕ್ಕಿಕೊಂಡಿತ್ತು. ಬಿಡಿಸುತ್ತಾ ಬಿಡಿಸುತ್ತಾ ಹೊತ್ತು ಹೋದದ್ದು ಅವನಿಗೆ ತಿಳಿಯಲಿಲ್ಲ. ಮುಖ್ತಾರ್ ಅತ್ತ ಸುಲಿಯುವ ಯಂತ್ರದ ಬಳಿ ಜಾರುತ್ತಿದ್ದ ಪಟ್ಟಿ ಬಿಗಿ ಮಾಡಿಸುತ್ತಿದ್ದ. ಲಿಂಗಯ್ಯ ಬಾಯ್ಲರ್ ಮುಂದೆ ಇದ್ದಾನೆ ಎಂದೇ ಅವನ ಎಣಿಕೆ.

ಚೆಲುವಯ್ಯ ಒಬ್ಬನೇ ಉಳಿದ. ಗಾಜಿನಲ್ಲಿ ನೀರು ಅರ್ಧಕ್ಕೆ ನಿಂತಿತ್ತು. ಸಂಜೆಯ ಲಾರಿಗೆ ಬೀಜ ಮುಗಿಯಬೇಕೆಂದು ಇಂಜಿನ್ ಬಿಡುವಿಲ್ಲದೆ ಹಬೆ ಎಳೆಯುತ್ತಿತ್ತು. ಅವನು ಸೌದೆ ಹಾಕಿದ, ಮತ್ತೆ ಹಾಕಿದ. ನೀರು ಅಲ್ಲೇ ಇತ್ತು. ಒಳ್ಳೆಯದಾಯಿತು ಎಂದುಕೊಂಡ. ಸ್ವಲ್ಪ ಹೊತ್ತು ಕಳೆದ ಮೇಲೆ ಆ ನೀರು ಇಷ್ಟು ಕದಲದೆ ನಿಂತಿರುವುದೇ ಅವನ ಮನಸ್ಸನ್ನು ಕೊರೆಯತೊಡಗಿತು. ಕೆಲಸದಲ್ಲಿರುವ ಬಾಯ್ಲರಿನ ಗಾಜಿನಲ್ಲಿ ನೀರು ಸ್ವಲ್ಪವಾದರೂ ತುಳುಕಾಡುತ್ತಿರಬೇಕು. ಇದು ಕೊಡದಲ್ಲಿಟ್ಟ ನೀರಿನ ಹಾಗಿತ್ತು.

ಹತ್ತಿರ ಹೋಗಿ ಬಗ್ಗಿ ನೋಡಿದ. ನೆನ್ನೆ ಕೂರಿಸಿದ ಹೊಸ ಹಿತ್ತಾಳೆ ಎಂದಿದ್ದರು. ಆ ತುಂಡಿನ ಮೇಲೆ ಸುಣ್ಣದ ಬಿಳಿ ಪೊರೆ ಹಾಗೇ ಇತ್ತು, ಸಂದಿನಲ್ಲಿ ಹಸಿರು ಕಿಲುಬು ಇತ್ತು. ಬೋಲ್ಟಿನ ತಲೆಗೆ ಯಾರೂ ಕೈ ಹಚ್ಚಿರಲಿಲ್ಲ.

ಇದಕ್ಕೇ ನನ್ನೊಬ್ಬನನ್ನೇ ಬಿಟ್ಟು ಹೋದರು ಎಂದು ಅವನಿಗೆ ಅನಿಸಿತು. ಏನಾದರೂ ಆದರೆ ಬೆಂಕಿ ಹಾಕುತ್ತಿದ್ದವನು ಚೆಲುವಯ್ಯ. ಒಂದು ಕ್ಷಣ ಬಾಗಿಲ ಕಡೆ ನೋಡಿದ. ಗೇಟು ದಾಟಿ ಹೋಗಿಬಿಟ್ಟರೆ ಯಾರ ಕೈಗೂ ಸಿಗುತ್ತಿರಲಿಲ್ಲ. ಗೋಡೆಯ ಆಚೆ ಬೀಜ ಆರಿಸುತ್ತಾ ಕೂತ ಹೆಂಗಸರ ಮಾತು ಕೇಳುತ್ತಿತ್ತು, ಯಾರೋ ಒಬ್ಬಳು ನಗುತ್ತಿದ್ದಳು.

ಅವನು ಕೆಳಗಿನ ನಲ್ಲಿ ತಿರುವಿದ. ನೀರು ಬರಲಿಲ್ಲ. ಕಣ್ಣಿಗೆ ಕಾಣದಷ್ಟು ಒಣಗಿದ ಹಬೆ ಸಿಳ್ಳು ಹಾಕಿಕೊಂಡು ನುಗ್ಗಿತು.

ಚೆಲುವಯ್ಯ ನಲ್ಲಿ ಮುಚ್ಚಿ ಗಂಟೆಯ ಹಗ್ಗ ಹಿಡಿದು ಎಳೆದ. ಆಮೇಲೆ ಗಾಳಿಯ ಬಾಗಿಲು ಮುಚ್ಚಿ, ಒಲೆಯ ಬಾಗಿಲು ತೆರೆದು, ಪಕ್ಕದ ಗುಡ್ಡೆಯಿಂದ ಒದ್ದೆ ಬೂದಿಯನ್ನು ಸನಿಕೆಯಲ್ಲಿ ಎತ್ತಿ ಎತ್ತಿ ಬೆಂಕಿಯ ಮೇಲೆ ಹಾಕತೊಡಗಿದ. ತೊಟ್ಟಿಯಿಂದ ಬಾಯ್ಲರಿಗೆ ನೀರು ಬಿಡುವ ಪಂಪಿಗೆ ಕೈ ಹಚ್ಚಲಿಲ್ಲ. ಕಾದು ಕೆಂಪಾದ ತಗಡಿಗೆ ತಣ್ಣೀರು ಬಿದ್ದರೆ ಏನಾಗುತ್ತದೆ ಎಂದು ಅವನಿಗೆ ಗೊತ್ತಿತ್ತು.

ಗೋಡೆಯ ಆಚೆ ಹೆಂಗಸರು ಮೊರ ಹಿಡಿದುಕೊಂಡೇ ಕೂತಿದ್ದರು.

"ಯಾವ ಗಂಟೆ ಇದು?" ಎಂದಳು ಪುಟ್ಟಲಕ್ಷ್ಮಿ ಎಂಬವಳು. "ಬಾಯ್ಲರ್ ಸರಿಹೋಯ್ತು ಅಂದ್ರಲ್ಲ ಬೆಳಿಗ್ಗೆ. ಲಾರಿ ಬಂತೇನೋ."

ಮತ್ತೊಬ್ಬಳು, ಕೆಲಸ ಬಿಟ್ಟು ಎದ್ದರೆ ಅರ್ಧ ದಿನದ ಕೂಲಿ ಹಿಡಿಯುತ್ತಾರೆ ಎಂದಳು. ಚಿಕ್ಕಸಿದ್ದಮ್ಮನಿಗೆ ಬೆಳಿಗ್ಗೆ ಮೇಸ್ತ್ರಿ ತನ್ನ ಮುಖ ನೋಡದೆ ಮಾತಾಡಿದ್ದು ಇನ್ನೂ ಮನಸ್ಸಿನಲ್ಲಿತ್ತು. ಎದ್ದು ನಿಂತು ಹತ್ತಿರ ಕೂತವಳ ಮೊರವನ್ನು ಕಾಲಲ್ಲಿ ಒದ್ದಳು. ಬೀಜ ನೆಲದ ತುಂಬ ಚೆಲ್ಲಿತು.

"ಏಳ್ರೇ. ಸರಿಹೋಗಿದ್ರೆ ತಿರುಗಿ ಬಂದು ಕೂರೋವ್ರಂತೆ. ಕೂಲಿ ನಾನು ಕೇಳ್ತೀನಿ. ಏಳ್ರೇ ಅಂದೆ."

ಅವರು ಹೊಳೆಯ ಕಡೆಗೆ ಓಡಿದರು. ಕೊನೆಯವಳು ಬಾಗಿಲು ದಾಟುವ ಹೊತ್ತಿಗೆ ಬಾಯ್ಲರ್ ಮನೆಯೊಳಗೆ ದೊಡ್ಡ ಸದ್ದಾಯಿತು. ಒಲೆಯ ನೆತ್ತಿಯಲ್ಲಿ ಕೂರಿಸಿದ್ದ ಸೀಸದ ಬಿರಡೆ ಕಾದು ಕರಗಿಹೋಗಿತ್ತು. ನೀರು ತೀರ ಇಳಿದಾಗ ಕರಗಲೆಂದೇ ಅದನ್ನು ಇಟ್ಟಿರುತ್ತಾರೆ. ಅದರ ತೂತಿನಿಂದ ಹಬೆ ಒಲೆಯೊಳಗೆ ನುಗ್ಗಿ, ಬೆಂಕಿಯನ್ನು ನಂದಿಸುತ್ತಾ, ಬೂದಿಯ ಜೊತೆ ಒಲೆಬಾಯಿಯಿಂದ ಹೊರಕ್ಕೆ ಹಾರಿತು. ಚೆಲುವಯ್ಯ ಸನಿಕೆ ಬಿಟ್ಟು ಪಕ್ಕಕ್ಕೆ ಬಿದ್ದ. ಬಲಗೈ ಮೊಣಕೈವರೆಗೆ ಬೆಂದಿತ್ತು.

ಮುಖ್ತಾರ್ ಓಡಿ ಬಂದಾಗ ಮನೆ ತುಂಬ ಬಿಳಿ ಮೋಡ. ಬಗ್ಗಿಕೊಂಡು ಒಳಗೆ ಹೋಗಿ, ಚೆಲುವಯ್ಯನ ಅಂಗಿ ಕೈಗೆ ಸಿಕ್ಕಿದ ಕಡೆ ಹಿಡಿದು ಹೊರಕ್ಕೆ ಎಳೆದುಕೊಂಡು ಬಂದ. ಹಬೆಯ ಸದ್ದು ಇಳಿಯುತ್ತಾ ಇಳಿಯುತ್ತಾ ನಿಂತಿತು. ಬಾಯ್ಲರ್ ಒಡೆದಿರಲಿಲ್ಲ.

ಹೊಂಗೆ ಮರದ ಕೆಳಗೆ ಕೂರಿಸಿ ಕೈಗೆ ತಣ್ಣೀರು ಸುರಿಯುತ್ತಿದ್ದಾಗ ಚೆಲುವಯ್ಯ ಕೇಳಿದ:

"ನನ್ನ ಯಾಕೆ ಕೊಲ್ಲಕ್ಕೋದ್ರಿ ಮೇಸ್ತ್ರೇ?"

ಮುಖ್ತಾರನ ಕೈಯಲ್ಲಿದ್ದ ತಂಬಿಗೆ ನಿಂತಿತು. ಅಷ್ಟರಲ್ಲಿ ಲಿಂಗಯ್ಯ ಹೊಳೆಯಿಂದ ಮೇಲೆ ಬಂದಿದ್ದ, ಹೆಂಗಸರೂ ಒಬ್ಬೊಬ್ಬರಾಗಿ ಬಂದು ಸುತ್ತ ನಿಂತಿದ್ದರು. ಯಾರೂ ಹತ್ತಿರ ಬರಲಿಲ್ಲ.

"ಕೊಲ್ಲಕ್ಕಲ್ಲ ಕಣಪ್ಪ. ನೀನು ಇಲ್ಲಿನ ಮಾತು ಹೊರಗೆ ಹೇಳ್ತೀಯ ಅಂತ ಅನುಮಾನ ಇತ್ತು. ಗಾಡಿಯವ್ರ ಜೊತೆ ಕೂರ್ತೀಯಲ್ಲ."

"ನನ್ನ ಮಗಳನ್ನ ಪಿರಿಯಾಪಟ್ಣದ ತಾವ ಕೊಟ್ಟಿವ್ನಿ. ದಿನ ತುಂಬ್ತಾ ಅವಳೆ. ಎಂಗವಳೆ ಅಂತ ಕೇಳ್ತೀನಿ. ಒಂದಿನ ಒಂದಿಷ್ಟು ಬೆಲ್ಲ, ಶುಂಠಿ ಕಳಿಸ್ದೆ. ನೀವು ಒಂದು ಮಾತು ಕೇಳಿದ್ರೆ ಏಳ್ತಿರ್ಲಿಲ್ವ ನಾನು?"

ಸುಬ್ಬರಾಯರು ಮುಖ್ತಾರನನ್ನು ಬೇರೆ ಕಡೆಗೆ ಕರೆದರು. ಬಾಯ್ಲರ್ ಇನ್‌ಸ್ಪೆಕ್ಟರಿಗೆ ಹೇಳದೆ ಇರುವ ಹಾಗಿಲ್ಲ, ಬಂದು ನೋಡಿದರೆ ಬಿರಡೆ ಕರಗಿದ್ದು ಅವರಿಗೆ ತಿಳಿಯುತ್ತದೆ, ಹೊಸ ಆಳು ನೀರು ನೋಡದೆ ಬಿಟ್ಟ ಎಂದರೆ ಮುಗಿಯಿತು ಎಂದರು. "ಗಾಡಿಯವರಿಗೆ ಸುದ್ದಿ ಕೊಡ್ತಿದ್ದವನೂ ಅವನೇ ಅಂತ ನೀವೇ ಅಂದಿರಲ್ಲ," ಎಂದು ಸೇರಿಸಿದರು.

ಮುಖ್ತಾರ್ ತಿರುಗಿ ಹೊಂಗೆ ಮರದ ಕಡೆಗೆ ನಡೆದ. ಚೆಲುವಯ್ಯ ಹೇಳಿದ್ದು ನಿಜವೋ, ಕಟ್ಟಿದ ಕತೆಯೋ? ಬೆಂದ ಕೈ ಕಣ್ಣಿಗೆ ಕಟ್ಟಿದರೂ ಅನುಮಾನದ ಎಳೆ ಪೂರ್ತಿ ಹರಿದಿರಲಿಲ್ಲ. ಬೆಲ್ಲ ಶುಂಠಿಯ ಜೊತೆ ಮಾತೂ ಹೋಗಿರಬಹುದಲ್ಲ.

ಬುಧವಾರ ಬೆಳಿಗ್ಗೆ ಅವನು ಗೇಟಿನ ಆಚೆ ಹೋದ. ಪಿರಿಯಾಪಟ್ಟಣದ ರಸ್ತೆಗೆ ತಾಗಿದ ಕಾರ್ಖಾನೆಯ ಗೋಡೆಗೆ ಒರಗಿಸಿ ಗಾಡಿಗಳು ನಿಂತಿದ್ದವು. ಮಾದೇವ ಎಂಬ ಗಾಡಿಯವನು ಎತ್ತುಗಳಿಗೆ ಹುಲ್ಲು ಹಾಕುತ್ತಿದ್ದ. ಚೆಲುವಯ್ಯ ಗಂಟು ಕೊಟ್ಟದ್ದು ಅವನ ಕೈಗೇ.

"ಬಾಯ್ಲರ್ ಕೆಟ್ಟಿರೋದು ನಿಂಗೆ ಯಾರು ಹೇಳಿದ್ರು?"

ಮಾದೇವ ಹುಲ್ಲು ಹಿಡಿದುಕೊಂಡೇ ಅವನನ್ನು ವಿಚಿತ್ರವಾಗಿ ನೋಡಿದ.

"ನೀವೇ ಅಲ್ವಾ ಸಾಬ್ರೆ. ಗಾಡಿ ಒಳಕ್ಕೆ ಬಿಡೋವರ್ಗೂ ನಾವು ಇಲ್ಲೇ ಮಲಗಿರ್ತೀವಿ. ನೀವು ಆ ಕಡೆ ನಿಂತು ಕೂಗಿದ್ರೆ ಈ ಕಡೆ ನಿದ್ದೆ ಬರ್ಬೇಕಲ್ಲ. ಗಾಜು ನಂಬಬೇಡಿ, ನಲ್ಲಿ ತಿರುವಿ ಅಂತ ನಮ್ಗೂ ಬಾಯಿಪಾಠ ಆಗೋಗೈತೆ. ಮೊನ್ನೆ ಸರಿಹೋಯ್ತು ಅಂದ್ರಿ, ಅದನ್ನೂ ಓಟ್ಲಲ್ಲಿ ಏಳಿಬುಟ್ಟೆ. ಏಳ್ಬಾರ್ದಿತ್ತೇನು?"

ಮುಖ್ತಾರ್ ಗೋಡೆಯನ್ನು ನೋಡಿದ. ಆಳೆತ್ತರದ ಮಣ್ಣಿನ ಗೋಡೆ. ಅದರ ಮೇಲೆ ಹೊಂಗೆಯ ಕೊಂಬೆಗಳು ಈ ಕಡೆಗೂ ಚಾಚಿದ್ದವು. "ಅವನ ಮಗಳು ಹೇಗವ್ಳೆ?" ಎಂದು ಕೇಳಿದ.

"ಯಾರು, ಚೆಲುವಯ್ಯನ ಮಗಳಾ? ಇನ್ನೂ ಆಗಿಲ್ಲ. ಈ ವಾರದಾಗೆ ಆಗ್ಬೌದು ಅಂದ್ರು."

ಬೆಂಗಳೂರಿನಿಂದ ಇನ್‌ಸ್ಪೆಕ್ಟರ್ ಬಂದರು. ಬೆಂಕಿಯ ಮುಂದೆ ಯಾರಿದ್ದರು ಎಂದು ಕೇಳಿದರು. ಸುಬ್ಬರಾಯರು ಮುಖ್ತಾರನ ಕಡೆ ನೋಡಿದರು.

"ಚೆಲುವಯ್ಯ ಇದ್ದ," ಎಂದ ಮುಖ್ತಾರ್. "ಗಾಜು ಸರಿಹೋಗೈತೆ, ನಲ್ಲಿ ನೋಡೋದು ಬೇಡ ಅಂತ ನಾನೇ ಹೇಳಿದ್ದೆ ಸ್ವಾಮಿ. ಸರಿಹೋಗಿರ್ಲಿಲ್ಲ. ನನಗೆ ಗೊತ್ತಿತ್ತು."

ಬಾಯ್ಲರಿಗೆ ಮುದ್ರೆ ಬಿತ್ತು. ಉಳಿದ ಬೀಜವೆಲ್ಲ ಬೇರೆ ಕಾರ್ಖಾನೆಗಳಿಗೆ ಹೋಯಿತು. ಹೆಂಗಸರು ಕೆಲಸವಿಲ್ಲದೆ ಮನೆಯಲ್ಲಿ ಕೂತರು. ಸಾಹುಕಾರರು ಮುಖ್ತಾರನನ್ನು ಓಡಿಸಬೇಕೆಂದಿದ್ದರು. ಸುಗ್ಗಿಯ ನಡುವೆ ಇಂಜಿನ್ ಬಲ್ಲ ಬೇರೆಯವನು ಸಿಗಲಿಲ್ಲ, ಅದರಿಂದ ಉಳಿದ. ಸುಬ್ಬರಾಯರು ಅವನ ಜೊತೆ ಕೆಲಸಕ್ಕೆ ಬೇಕಾದಷ್ಟೇ ಮಾತಾಡಿದರು.

ಹೊಸ ಹಿತ್ತಾಳೆ ಬಾಯಿ ಬಂತು, ಹೊಸ ಬಿರಡೆ ಕೂರಿತು, ಒಲೆಯ ತಗಡನ್ನು ಬಡಿದು ನೋಡಿ ಮುದ್ರೆ ತೆಗೆದರು. ಮುಖ್ತಾರ್ ಪಿರಿಯಾಪಟ್ಟಣದ ಆಚೆಯ ಹಳ್ಳಿಗೆ ತಾನೇ ಹೋದ. ಚೆಲುವಯ್ಯ ಮಗಳ ಮನೆಯ ಜಗುಲಿಯ ಮೇಲೆ ಮೊಮ್ಮಗಳನ್ನು ಎಡಗೈಯಲ್ಲಿ ಎತ್ತಿಕೊಂಡು ಕೂತಿದ್ದ. ಬಲಗೈಯ ಚರ್ಮ ಇನ್ನೂ ಕೆಂಪಗಿತ್ತು. ಕೂರಿ ಎಂದ, ನೀರು ಕೊಡಿಸಿದ.

"ಕೆಲಸಕ್ಕೆ ಬತ್ತೀಯೇನಪ್ಪ?"

ಚೆಲುವಯ್ಯ ಬೆಂದ ಕೈಯನ್ನು ನೋಡಿಕೊಂಡ. "ಒಟ್ಟೆಪಾಡು, ಬತ್ತೀನಿ. ನಿಮ್ಮ ಮಾತು ಕೇಳ್ಕಂಡು ಬೆಂಕಿ ಆಕಲ್ಲ. ನಾನೇ ನೋಡ್ತೀನಿ, ನೋಡಿದ್ಮ್ಯಾಕೆ ಆಕ್ತೀನಿ."

"ಆಗ್ಲಿ," ಎಂದ ಮುಖ್ತಾರ್.

ಕೆಲಸ ಶುರುವಾದ ದಿನ ಎಲ್ಲರೂ ಸೇರಿದರು. ಮುಖ್ತಾರ್ ಮೊದಲು ಸುಲಿಯಬೇಕಾದ ಬೀಜ ಯಾವುದೆಂದು ಹೇಳಿದ. ಆಮೇಲೆ ಗಾಜಿನ ಹಿತ್ತಾಳೆ ಬಾಯಿ ನಿಜವಾಗಿ ಬದಲಾಗಿದೆ, ಆದರೂ ನಲ್ಲಿ ನೋಡುವುದು ತಪ್ಪಕೂಡದು ಎಂದ. ಜನ ಕೇಳಿದರು, ಜಾಗ ಬಿಟ್ಟು ಕದಲಲಿಲ್ಲ. ಚಿಕ್ಕಸಿದ್ದಮ್ಮ ಪುಟ್ಟಲಕ್ಷ್ಮಿಗೆ ಕಣ್ಣು ಮಾಡಿದಳು. ಪುಟ್ಟಲಕ್ಷ್ಮಿ ಸೆರಗು ಸಿಕ್ಕಿಸಿಕೊಂಡು ಬಾಯ್ಲರ್ ಮನೆಯೊಳಗೆ ಹೋದಳು. ಚೆಲುವಯ್ಯ ಅವಳ ಮುಂದೆ ಕೆಳಗಿನ ನಲ್ಲಿ ತಿರುವಿದ ಸದ್ದು ಹೊರಗೆ ಕೇಳಿತು.

"ನೀರು ಬಂತು ಕಣಕ್ಕೋ," ಎಂದು ಅವಳು ಒಳಗಿನಿಂದ ಕೂಗಿದಳು.

ಆಗ ಹೆಂಗಸರು ಮೊರ ಎತ್ತಿಕೊಂಡರು. ಆ ಸುಗ್ಗಿ ಮುಗಿಯುವವರೆಗೂ ಹಾಗೇ ನಡೆಯಿತು. ಮುಖ್ತಾರ್ ಬೇಡವೆನ್ನಲಿಲ್ಲ. ತನ್ನ ಮಾತು ಮುಗಿಸಿ, ಅವರು ನೋಡಿ ಬರುವವರೆಗೆ ಪಕ್ಕಕ್ಕೆ ಸರಿದು ನಿಂತಿರುತ್ತಿದ್ದ.